ಕುಡುಗೋಲು ಕಣದ ಜೀನ್ ಮಲೇರಿಯಾ ಸೀಮೆಯಲ್ಲಿ ಏಕೆ ಅಳಿಯಲಿಲ್ಲ?

ಮಕ್ಕಳನ್ನು ಎಳವೆಯಲ್ಲೇ ಕೊಲ್ಲುವ ಜೀನೊಂದು ಯಾವ ಜನಸಮುದಾಯದಲ್ಲೂ ಹೆಚ್ಚು ಕಾಲ ಬಾಳಬಾರದು. ಅದನ್ನು ಪಡೆದ ಮಕ್ಕಳು ಬೆಳೆದು ತಂದೆತಾಯಿಯಾಗುವ ಮೊದಲೇ ತೀರಿಕೊಂಡರೆ ಜೀನ್ ಕೂಡ ಅವರೊಂದಿಗೇ ಮಣ್ಣು ಸೇರುತ್ತದೆ. ತಲೆಮಾರಿನಿಂದ ತಲೆಮಾರಿಗೆ ಕ್ಷೀಣಿಸುತ್ತಾ ಅದು ಅಪರೂಪವಾಗಬೇಕು. ಕುಡುಗೋಲು ಕಣ ರೋಗದ ಜೀನ್ ಹಾಗಾಗಲಿಲ್ಲ. ಕಳೆದ ಶತಮಾನದ ನಡುಭಾಗದಲ್ಲಿ ಪೂರ್ವ ಆಫ್ರಿಕಾದ ವಿಕ್ಟೋರಿಯಾ ಸರೋವರದ ಸುತ್ತಲಿನ ಜನರ ರಕ್ತ ಪರೀಕ್ಷಿಸಿದಾಗ, ಕೆಲವು ಬುಡಕಟ್ಟುಗಳಲ್ಲಿ ಐವರಿಗೊಬ್ಬರಿಗಿಂತ ಹೆಚ್ಚು ಮಂದಿ ಆ ಜೀನನ್ನು ಹೊತ್ತಿದ್ದರು. ಆಗ ಅಲ್ಲಿ ರೋಗಕ್ಕೆ ಚಿಕಿತ್ಸೆಯೆಂಬುದೇ ಇರಲಿಲ್ಲ. ರೋಗದೊಂದಿಗೆ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರು ಬಾಲ್ಯ ದಾಟುತ್ತಿರಲಿಲ್ಲ. ಕೊಲ್ಲುವ ಜೀನ್ ಇಷ್ಟು ದಟ್ಟವಾಗಿ ಉಳಿದದ್ದು ಹೇಗೆ?

ಈ ಪ್ರಶ್ನೆಗೆ 1950ರ ದಶಕದಲ್ಲಿ ಉತ್ತರ ಸಿಕ್ಕಿತು. ಆ ಜೀನಿನ ಎರಡು ಪ್ರತಿ ಪಡೆದ ಮಗುವಿಗೆ ರೋಗ. ಒಂದೇ ಪ್ರತಿ ಪಡೆದ ಮಗುವಿಗೆ ಮಲೇರಿಯಾದ ವಿರುದ್ಧ ರಕ್ಷಣೆ. ಜೀವವಿಜ್ಞಾನದ ಪಾಠಗಳಲ್ಲೆಲ್ಲ ಈಗ ಇದೇ ಮಾತಿದೆ. ಆದರೆ ಪಾಠ ಅಲ್ಲಿಗೇ ನಿಲ್ಲುವುದರಿಂದ ಒಂದು ತಪ್ಪು ತಿಳಿವಳಿಕೆ ಬೆಳೆಯುತ್ತದೆ: ಪ್ರಕೃತಿ ಆ ಜನರಿಗೆ ಒಂದು ಒಳ್ಳೆಯ ಜೀನ್ ಕೊಟ್ಟಿದೆ ಎಂಬ ಭಾವನೆ. ನಿಜದಲ್ಲಿ ಇದು ಒಳ್ಳೆಯದು ಕೆಟ್ಟದ್ದರ ಮಾತಲ್ಲ. ಎರಡು ಬಗೆಯ ಸಾವುಗಳ ನಡುವೆ ನಿಂತ ಒಂದು ಲೆಕ್ಕ. ಆ ಲೆಕ್ಕವನ್ನು ಬಿಡಿಸಿ ನೋಡಿದರೆ ಜೀನ್ ಏಕೆ ಉಳಿಯಿತು ಎಂಬುದಷ್ಟೇ ಅಲ್ಲ, ಮಲೇರಿಯಾ ಹೋದ ಮೇಲೂ ಏಕೆ ಬೇಗ ಹೋಗುವುದಿಲ್ಲ ಎಂಬುದೂ ತಿಳಿಯುತ್ತದೆ.

ಒಂದಕ್ಷರದ ಬದಲಾವಣೆ

ಕೆಂಪು ರಕ್ತಕಣದ ತುಂಬ ಇರುವುದು ಹಿಮೋಗ್ಲೋಬಿನ್ ಎಂಬ ಪ್ರೋಟೀನು. ಅದರ ಒಂದು ಭಾಗವಾದ ಬೀಟಾ ಸರಪಳಿಯನ್ನು ಹೆಣೆಯುವ ಜೀನ್ ನಮ್ಮ 11ನೆಯ ಕ್ರೋಮೋಸೋಮಿನಲ್ಲಿದೆ. ಪ್ರತಿಯೊಬ್ಬರಲ್ಲೂ ಅದರ ಎರಡು ಪ್ರತಿ, ತಾಯಿಯದೊಂದು, ತಂದೆಯದೊಂದು. ಸರಪಳಿಯಲ್ಲಿ 146 ಅಮೈನೋ ಆಮ್ಲಗಳು ಸಾಲಾಗಿ ಪೋಣಿಸಿಕೊಂಡಿರುತ್ತವೆ. ಜೀನಿನ ಒಂದೇ ಒಂದು ಅಕ್ಷರ ಬದಲಾದಾಗ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದು ಕೂರುತ್ತದೆ. ಸಾಮಾನ್ಯ ರೂಪವನ್ನು ಎ ಎಂದೂ ಬದಲಾದ ರೂಪವನ್ನು ಎಸ್ ಎಂದೂ ಕರೆಯುತ್ತಾರೆ. ಎರಡೂ ಹಿಮೋಗ್ಲೋಬಿನ್‌ಗಳು ವಿದ್ಯುತ್ ಕ್ಷೇತ್ರದಲ್ಲಿ ಬೇರೆ ಬೇರೆ ವೇಗದಲ್ಲಿ ಸರಿಯುತ್ತವೆ ಎಂದು 1949ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ತೋರಿಸಿದರು. ವ್ಯತ್ಯಾಸ ಒಂದೇ ಅಮೈನೋ ಆಮ್ಲದ್ದು ಎಂಬುದನ್ನು ಕೆಲವು ವರ್ಷಗಳ ನಂತರ ವರ್ನನ್ ಇಂಗ್ರಾಮ್ ಖಚಿತಪಡಿಸಿದರು.

ವ್ಯಾಲಿನ್ ನೀರಿನಿಂದ ದೂರ ಸರಿಯುವ ಸ್ವಭಾವದ್ದು. ಹಿಮೋಗ್ಲೋಬಿನ್ ತನ್ನಲ್ಲಿರುವ ಆಮ್ಲಜನಕವನ್ನು ಬಿಟ್ಟುಕೊಟ್ಟಾಗ ಅದರ ಆಕಾರ ತುಸು ಬದಲಾಗಿ, ಈ ವ್ಯಾಲಿನ್ ಪಕ್ಕದ ಅಣುವಿನ ಒಂದು ತಗ್ಗಿನಲ್ಲಿ ಹೋಗಿ ಕಚ್ಚಿಕೊಳ್ಳುತ್ತದೆ. ಒಂದಕ್ಕೊಂದು ಕಚ್ಚಿಕೊಂಡ ಅಣುಗಳು ಉದ್ದನೆಯ ಎಳೆಗಳಾಗಿ ರಕ್ತಕಣವನ್ನು ಒಳಗಿನಿಂದ ಸೆಟೆಸುತ್ತವೆ. ದುಂಡಗೆ ಮೆತ್ತಗಿದ್ದ ಕಣ ಕುಡುಗೋಲಿನಂತೆ ಬಾಗುತ್ತದೆ. ಎರಡೂ ಪ್ರತಿ ಎಸ್ ಇರುವವರಲ್ಲಿ, ಅಂದರೆ ಎಸ್‌ಎಸ್ ಇರುವವರಲ್ಲಿ, ಇದು ಮೈಯೆಲ್ಲ ನಡೆಯುತ್ತದೆ. ಸೆಟೆದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಮೂಳೆ, ಎದೆ, ಹೊಟ್ಟೆಯಲ್ಲಿ ತಡೆಯಲಾರದ ನೋವು ಬರುತ್ತದೆ. ಕಣಗಳು ಬೇಗ ಒಡೆದು ರಕ್ತಹೀನತೆ ಉಂಟಾಗುತ್ತದೆ. ಗುಲ್ಮ ಹಾಳಾಗಿ ಸೋಂಕು ತಡೆಯುವ ಶಕ್ತಿ ಕುಂದುತ್ತದೆ.

ಒಂದು ಪ್ರತಿ ಎ, ಇನ್ನೊಂದು ಎಸ್ ಇರುವವರು ವಾಹಕರು. ಪಠ್ಯಪುಸ್ತಕಗಳು ಇದನ್ನು ವಿಷಮಯುಗ್ಮಜ ಸ್ಥಿತಿ ಎನ್ನುತ್ತವೆ. ಇವರ ರಕ್ತಕಣದಲ್ಲಿ ಎಸ್ ಹಿಮೋಗ್ಲೋಬಿನ್ ಅರ್ಧಕ್ಕಿಂತ ಕಡಿಮೆ, ಸಾಮಾನ್ಯವಾಗಿ ನೂರಕ್ಕೆ 35–40ರಷ್ಟು. ನಡುನಡುವೆ ಎ ಅಣುಗಳಿರುವುದರಿಂದ ಎಳೆಗಳು ಸುಲಭಕ್ಕೆ ಹುರಿಗೊಳ್ಳುವುದಿಲ್ಲ. ವಾಹಕರು ಸಾಮಾನ್ಯವಾಗಿ ಆರೋಗ್ಯವಂತರಾಗಿಯೇ ಬದುಕುತ್ತಾರೆ; ಹೆಚ್ಚಿನವರಿಗೆ ತಾವು ವಾಹಕರೆಂಬುದೂ ಗೊತ್ತಿರುವುದಿಲ್ಲ. ಇಬ್ಬರು ವಾಹಕರು ಮದುವೆಯಾದರೆ ಮಾತ್ರ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಎಸ್‌ಎಸ್ ಮಗು ಹುಟ್ಟುವ ಸಂಭವವಿರುತ್ತದೆ.

ಆಲಿಸನ್ ಕಂಡ ನಕ್ಷೆ

ರೋಗಕ್ಕೂ ಮಲೇರಿಯಾಕ್ಕೂ ನಂಟಿರಬಹುದೆಂಬ ಯೋಚನೆ ಒಬ್ಬರದಲ್ಲ. ಮೆಡಿಟರೇನಿಯನ್ ತೀರದಲ್ಲಿ ಹೆಚ್ಚಾಗಿ ಕಾಣುವ ಥಲಸ್ಸೀಮಿಯ ಎಂಬ ಇನ್ನೊಂದು ರಕ್ತದೋಷದ ವಾಹಕರಿಗೆ ಮಲೇರಿಯಾದಿಂದ ರಕ್ಷಣೆ ಸಿಗುತ್ತಿರಬಹುದು ಎಂದು ಜೆ.ಬಿ.ಎಸ್. ಹಾಲ್ಡೇನ್ 1949ರಲ್ಲಿ ಪ್ರಕಟವಾದ ಬರಹದಲ್ಲಿ ಸೂಚಿಸಿದ್ದರು. ಕುಡುಗೋಲು ಕಣದ ಮಟ್ಟಿಗೆ ಯೋಚನೆಯನ್ನು ಪುರಾವೆಯಾಗಿ ಮಾಡಿದವರು ಆಂತೊನಿ ಆಲಿಸನ್. ಕೀನ್ಯಾದಲ್ಲಿ ಬೆಳೆದ ಇವರು ಆಕ್ಸ್‌ಫರ್ಡಿನಲ್ಲಿ ವೈದ್ಯಕೀಯ ಓದುತ್ತಿದ್ದಾಗಲೇ, 1949ರಲ್ಲಿ, ಕೀನ್ಯಾಕ್ಕೆ ಹೊರಟ ತಂಡವೊಂದರ ಜೊತೆ ಬಂದು ಬೇರೆ ಬೇರೆ ಬುಡಕಟ್ಟುಗಳ ರಕ್ತ ಸಂಗ್ರಹಿಸಿದರು.

ಪರೀಕ್ಷೆ ಸರಳವಾದದ್ದು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ, ಅದಕ್ಕೆ ಆಮ್ಲಜನಕವನ್ನು ಹೀರಿಕೊಳ್ಳುವ ಒಂದು ರಾಸಾಯನಿಕ ದ್ರಾವಣ, ಮೇಲೆ ತೆಳುಗಾಜು. ಸ್ವಲ್ಪ ಹೊತ್ತು ಕಾದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಸ್ ಇರುವವರ ಕಣಗಳು ಬಾಗಿರುತ್ತವೆ, ಇಲ್ಲದವರವು ದುಂಡಗೇ ಉಳಿದಿರುತ್ತವೆ. ಹೀಗೆ ಎಣಿಸುತ್ತಾ ಹೋದಾಗ ನಕ್ಷೆಯಲ್ಲಿ ಒಂದು ವಿನ್ಯಾಸ ಮೂಡಿತು. ಕರಾವಳಿಯಲ್ಲೂ ವಿಕ್ಟೋರಿಯಾ ಸರೋವರದ ಸುತ್ತಲೂ ವಾಹಕರು ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು. ನಡುವಿನ ತಂಪು ಎತ್ತರದ ಪ್ರದೇಶದಲ್ಲಿ, ಒಣ ಸೀಮೆಯಲ್ಲಿ, ನೂರಕ್ಕೆ ಒಬ್ಬರೂ ಇಲ್ಲ. ಭಾಷೆ, ಕುಲ, ಮೈಕಟ್ಟು ಯಾವುದೂ ಈ ಹಂಚಿಕೆಗೆ ಹೊಂದಲಿಲ್ಲ. ಹೊಂದಿದ್ದು ಸೊಳ್ಳೆ ಇರುವ ಜಾಗ, ಇಲ್ಲದ ಜಾಗ ಎಂಬ ಭೇದ.

ನಕ್ಷೆ ಹೊಂದಿತೆಂದ ಮಾತ್ರಕ್ಕೆ ಕಾರಣ ಸಾಬೀತಾಗುವುದಿಲ್ಲ. 1953ರಲ್ಲಿ ಆಲಿಸನ್ ಮತ್ತೆ ಬಂದು ಉಗಾಂಡದ ಕಂಪಾಲಾ ಹತ್ತಿರದ 290 ಮಕ್ಕಳ ರಕ್ತ ಪರೀಕ್ಷಿಸಿದರು. ಐದು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳನ್ನೇ ಆರಿಸಿಕೊಂಡದ್ದರಲ್ಲಿ ಅವರ ಜಾಣ್ಮೆ ಇದೆ. ಮಲೇರಿಯಾ ಸೀಮೆಯಲ್ಲಿ ಬೆಳೆದ ದೊಡ್ಡವರಿಗೆ ಹಲವು ಸಲ ಜ್ವರ ಬಂದು ಬಂದು ತಕ್ಕಮಟ್ಟಿನ ಪ್ರತಿರೋಧ ಶಕ್ತಿ ಕೂಡಿಬಂದಿರುತ್ತದೆ. ಜೀನಿನ ಪರಿಣಾಮ ಅದರಡಿ ಮುಚ್ಚಿಹೋಗುತ್ತದೆ. ಹಾಲುಗೂಸುಗಳಿಗೆ ತಾಯಿಯಿಂದ ಬಂದ ರಕ್ಷಣೆ ಇರುತ್ತದೆ. ಈ ಎರಡರ ನಡುವಿನ ವಯಸ್ಸಿನಲ್ಲೇ ಮಲೇರಿಯಾ ಕೊಲ್ಲುವುದು. ಎಸ್ ಇದ್ದ 43 ಮಕ್ಕಳಲ್ಲಿ 12 ಮಂದಿಯ ರಕ್ತದಲ್ಲಿ ಪರಾವಲಂಬಿ ಕಂಡಿತು, ಅಂದರೆ ನೂರಕ್ಕೆ 28. ಎಸ್ ಇಲ್ಲದ 247 ಮಕ್ಕಳಲ್ಲಿ 113 ಮಂದಿಯಲ್ಲಿ, ಅಂದರೆ ನೂರಕ್ಕೆ 46. ವಾಹಕ ಮಕ್ಕಳಲ್ಲಿ ಕಂಡ ಸೋಂಕೂ ಹಗುರವಾಗಿತ್ತು.

1954ರಲ್ಲಿ ಇದು ಪ್ರಕಟವಾದಾಗ ಎಲ್ಲರೂ ಒಪ್ಪಲಿಲ್ಲ. ಬೇರೆ ಕಡೆ ಎಣಿಸಿದವರಿಗೆ ಸೋಂಕಿತರ ಪ್ರಮಾಣದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಈ ಭಿನ್ನಾಭಿಪ್ರಾಯ ಬಗೆಹರಿದದ್ದು ಪ್ರಶ್ನೆಯನ್ನೇ ತಿದ್ದಿಕೊಂಡಾಗ. ವಾಹಕರಿಗೆ ಮಲೇರಿಯಾ ತಗಲುವುದಿಲ್ಲವೇ ಎಂದು ಕೇಳಿದರೆ ಉತ್ತರ ಮಸುಕು, ಏಕೆಂದರೆ ಅವರಿಗೂ ತಗಲುತ್ತದೆ. ವಾಹಕರು ಮಲೇರಿಯಾದಿಂದ ಸಾಯುವುದು ಕಡಿಮೆಯೇ ಎಂದು ಕೇಳಿದರೆ ಉತ್ತರ ಸ್ಪಷ್ಟ. ಕೀನ್ಯಾದ ಕಿಲಿಫಿಯಲ್ಲಿ ಥಾಮಸ್ ವಿಲಿಯಮ್ಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತದೆ. ವಾಹಕ ಮಕ್ಕಳಿಗೆ ಸಾಮಾನ್ಯ ಮಲೇರಿಯಾ ಜ್ವರದಿಂದ ಸುಮಾರು ಶೇ. 50 ರಕ್ಷಣೆ, ಆಸ್ಪತ್ರೆಗೆ ಸೇರುವಂಥ ಮಲೇರಿಯಾದಿಂದ ಶೇ. 75, ಜೀವಕ್ಕೆ ಎರವಾಗುವ ತೀವ್ರ ಮಲೇರಿಯಾದಿಂದ ಹತ್ತಿರಹತ್ತಿರ ಶೇ. 90. ಕಾಯಿಲೆ ಬಿಗಡಾಯಿಸಿದಷ್ಟೂ ರಕ್ಷಣೆ ಹೆಚ್ಚು. ಜೀನಿನ ಉಳಿವನ್ನು ತೀರ್ಮಾನಿಸುವುದು ಸಾವು, ಜ್ವರವಲ್ಲ.

ಸಾವಿರ ಮಕ್ಕಳ ಲೆಕ್ಕ

ಇನ್ನು ಲೆಕ್ಕಕ್ಕೆ ಬರೋಣ. ಒಂದು ಮಲೇರಿಯಾ ಸೀಮೆಯಲ್ಲಿ ಬೀಟಾ ಗ್ಲೋಬಿನ್ ಜೀನಿನ ಎಲ್ಲ ಪ್ರತಿಗಳಲ್ಲಿ ಹತ್ತರಲ್ಲೊಂದು ಎಸ್ ಎಂದಿಟ್ಟುಕೊಳ್ಳಿ. ಆಫ್ರಿಕಾದ ಹಲವೆಡೆ ಕಾಣುವ ಪ್ರಮಾಣ ಇದಕ್ಕೆ ಹತ್ತಿರದ್ದೇ. ಅಲ್ಲಿ ಸಾವಿರ ಮಕ್ಕಳು ಹುಟ್ಟಿದರೆ, ಎರಡೂ ಪ್ರತಿ ಎಸ್ ಆಗುವ ಸಂಭವ ನೂರರಲ್ಲಿ ಒಂದು, ಆದ್ದರಿಂದ ಎಸ್‌ಎಸ್ ಮಕ್ಕಳು 10. ವಾಹಕರು 180. ಎರಡೂ ಪ್ರತಿ ಎ ಇರುವವರು 810.

ಚಿಕಿತ್ಸೆ ಇಲ್ಲದ ಕಾಲದಲ್ಲಿ ಆ 10 ಮಕ್ಕಳೂ ಸಂತಾನ ಬಿಡದೆ ತೀರಿಕೊಳ್ಳುತ್ತಾರೆ ಎನ್ನೋಣ. ವಾಹಕರು 180 ಮಂದಿಯೂ ಉಳಿಯುತ್ತಾರೆ. ಎಎ ಮಕ್ಕಳಲ್ಲಿ ಒಂಬತ್ತರಲ್ಲೊಬ್ಬರು ಮಲೇರಿಯಾಕ್ಕೆ ಬಲಿಯಾಗುತ್ತಾರೆ ಎಂದುಕೊಳ್ಳಿ; 810ರಲ್ಲಿ 90 ಹೋಗಿ 720 ಉಳಿದರು. ಬೆಳೆದು ದೊಡ್ಡವರಾದವರು ಒಟ್ಟು 900. ಅವರಲ್ಲಿರುವ ಜೀನ್ ಪ್ರತಿಗಳು 1800. ಅದರಲ್ಲಿ ಎಸ್ ಇರುವುದು ವಾಹಕರಲ್ಲಿ ಮಾತ್ರ, ತಲೆಗೊಂದರಂತೆ 180. ಅಂದರೆ ಮತ್ತೆ ಹತ್ತರಲ್ಲೊಂದು. ನೂರು ಮಕ್ಕಳು ಸತ್ತರೂ ಎಸ್ ಪ್ರಮಾಣ ಒಂದಿಷ್ಟೂ ಕದಲಲಿಲ್ಲ.

ಕಾರಣವನ್ನು ಸಾವುಗಳ ಕಡೆಯಿಂದ ನೋಡಿ. ಸತ್ತ 10 ಎಸ್‌ಎಸ್ ಮಕ್ಕಳೊಂದಿಗೆ 20 ಎಸ್ ಪ್ರತಿಗಳು ಹೋದವು. ಸತ್ತ 90 ಎಎ ಮಕ್ಕಳೊಂದಿಗೆ 180 ಎ ಪ್ರತಿಗಳು ಹೋದವು. ಕಳೆದುಹೋದ 200ರಲ್ಲಿ ಎಸ್ ಪಾಲು 20, ಹತ್ತರಲ್ಲೊಂದೇ. ಎರಡೂ ರೂಪಗಳು ತಮ್ಮ ತಮ್ಮ ಸಂಖ್ಯೆಗೆ ತಕ್ಕಷ್ಟೇ ನಷ್ಟ ಅನುಭವಿಸಿದ್ದರಿಂದ ಪ್ರಮಾಣ ಹಾಗೇ ನಿಂತಿತು. ಸಮತೋಲ ಎಂದರೆ ಇಷ್ಟೇ.

ಈ ಸಮತೋಲ ತನ್ನಷ್ಟಕ್ಕೆ ತಾನೇ ಸರಿಹೋಗುವಂಥದ್ದು. ಯಾವುದೋ ಕಾರಣಕ್ಕೆ ಎಸ್ ಪ್ರಮಾಣ ಶೇ. 30ಕ್ಕೆ ಏರಿತು ಎನ್ನಿ. ಆಗ ಸಾವಿರ ಮಕ್ಕಳಲ್ಲಿ 90 ಮಂದಿ ಎಸ್‌ಎಸ್. ಎಎ ಮಕ್ಕಳು 490, ಅವರಲ್ಲಿ ಮಲೇರಿಯಾಕ್ಕೆ ಸಾಯುವವರು ಸುಮಾರು 54. ಎಸ್ ಕಡೆಯ ನಷ್ಟ ವಿಪರೀತವಾಗಿ, ಒಂದೇ ತಲೆಮಾರಿನಲ್ಲಿ ಪ್ರಮಾಣ ಸುಮಾರು ಶೇ. 24.5ಕ್ಕೆ ಇಳಿಯುತ್ತದೆ. ಎಸ್ ತೀರ ಅಪರೂಪವಾಗಿದ್ದರೆ ಇದಕ್ಕೆ ತದ್ವಿರುದ್ಧ. ಸಾವಿರಕ್ಕೊಂದು ಪ್ರತಿ ಮಾತ್ರ ಎಸ್ ಇರುವಾಗ ಇಬ್ಬರು ವಾಹಕರು ಒಬ್ಬರನ್ನೊಬ್ಬರು ಮದುವೆಯಾಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಎಸ್‌ಎಸ್ ಮಗು ಹತ್ತು ಲಕ್ಷಕ್ಕೊಂದು. ಆಗ ಎಸ್‌ನಿಂದ ಬರುವುದೆಲ್ಲ ರಕ್ಷಣೆಯೇ, ತೆರುವ ಬೆಲೆ ಬಹುತೇಕ ಇಲ್ಲ. ಇದೇ ಲೆಕ್ಕದ ಪ್ರಕಾರ ಸಾವಿರಕ್ಕೊಂದರಿಂದ ನೂರಕ್ಕೆ ಐದರ ಮಟ್ಟಕ್ಕೆ ಏರಲು ಸುಮಾರು 40 ತಲೆಮಾರು ಸಾಕು, ಅಂದರೆ ಸಾವಿರ ವರ್ಷದಷ್ಟು ಕಾಲ. ಮೇಲಿನಿಂದ ಬಂದರೂ ಕೆಳಗಿನಿಂದ ಬಂದರೂ ನಿಲ್ಲುವುದು ಹತ್ತರಲ್ಲೊಂದರ ಬಳಿ.

ಇದನ್ನು ಸೂತ್ರವಾಗಿ ಹೀಗೆ ಬರೆಯುತ್ತಾರೆ:

q = s / (s + t)

ಇಲ್ಲಿ q ಎಂದರೆ ಎಸ್ ನಿಲ್ಲುವ ಪ್ರಮಾಣ, s ಎಂದರೆ ವಾಹಕರಿಗೆ ಹೋಲಿಸಿದಾಗ ಎಎ ಇರುವವರಿಗೆ ಆಗುವ ನಷ್ಟ, t ಎಂದರೆ ಎಸ್‌ಎಸ್ ಇರುವವರಿಗೆ ಆಗುವ ನಷ್ಟ. ನಮ್ಮ ಉದಾಹರಣೆಯಲ್ಲಿ s ಒಂಬತ್ತರಲ್ಲೊಂದು, t ಪೂರ್ತಿ ಒಂದು. ಸೂತ್ರದಲ್ಲಿ ಗಮನಿಸಬೇಕಾದದ್ದು, ಮಲೇರಿಯಾ ತೀವ್ರವಾದಷ್ಟೂ s ಹೆಚ್ಚಿ q ಮೇಲೇರುತ್ತದೆ. ಆಲಿಸನ್ ಕಂಡ ನಕ್ಷೆಯಲ್ಲಿ ಸರೋವರದ ದಂಡೆಗೊಂದು ಪ್ರಮಾಣ, ಎತ್ತರದ ನಾಡಿಗೆ ಇನ್ನೊಂದು ಪ್ರಮಾಣ ಇದ್ದದ್ದು ಇದರಿಂದಲೇ.

ಬೇರೆ ವಿವರಣೆ ಸಾಧ್ಯವಿರಲಿಲ್ಲವೇ? ಎ ಜೀನ್ ಮತ್ತೆ ಮತ್ತೆ ಹೊಸದಾಗಿ ಎಸ್ ಆಗಿ ಬದಲಾಗುತ್ತಾ, ಸತ್ತವರ ನಷ್ಟವನ್ನು ತುಂಬಿಕೊಡುತ್ತಿರಬಹುದು ಎಂಬ ವಾದ ಆಗ ಇತ್ತು. ಮೇಲಿನ ಲೆಕ್ಕದಿಂದಲೇ ಅದನ್ನು ಅಳೆಯಬಹುದು. ಒಂದು ತಲೆಮಾರಿನಲ್ಲಿ 2000 ಪ್ರತಿಗಳಲ್ಲಿ 20 ಎಸ್ ಕಳೆದುಹೋಗುತ್ತವೆ. ಅಷ್ಟನ್ನು ತುಂಬಬೇಕಾದರೆ ನೂರಕ್ಕೊಂದು ಪ್ರತಿ ಪ್ರತಿ ತಲೆಮಾರಿನಲ್ಲೂ ಹೊಸದಾಗಿ ಬದಲಾಗಬೇಕು. ಡಿಎನ್‌ಎಯ ಒಂದು ನಿರ್ದಿಷ್ಟ ಅಕ್ಷರ ಬದಲಾಗುವ ಸಂಭವ ತಲೆಮಾರಿಗೆ ಹತ್ತು ಕೋಟಿಗೆ ಒಂದರ ಆಸುಪಾಸಿನದು. ಆ ವಾದ ನಿಲ್ಲುವುದಿಲ್ಲ.

ಎಸ್ ಮೊದಲು ಹುಟ್ಟಿದ್ದು ಒಂದೇ ಕಡೆಯೋ ಹಲವೆಡೆಯೋ ಎಂಬ ಚರ್ಚೆ ಬಹುಕಾಲ ನಡೆಯಿತು. ಜೀನಿನ ಅಕ್ಕಪಕ್ಕದ ಡಿಎನ್‌ಎ ವಿನ್ಯಾಸದಲ್ಲಿ ಆಫ್ರಿಕಾದ ಕೆಲವು ಬಗೆಗಳೂ ಅರಬ್-ಭಾರತ ಎಂಬ ಇನ್ನೊಂದು ಬಗೆಯೂ ಇರುವುದರಿಂದ ಹಲವು ಸಲ ಹುಟ್ಟಿರಬೇಕೆಂದು ಮೊದಲು ನಂಬಿದ್ದರು. ಪೂರ್ಣ ಜೀನೋಮ್‌ಗಳನ್ನು ಹೋಲಿಸಿ 2018ರಲ್ಲಿ ಬಂದ ವಿಶ್ಲೇಷಣೆ ಸುಮಾರು 7,300 ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಒಂದೇ ಸಲ ಹುಟ್ಟಿರಬೇಕೆಂದು ಹೇಳುತ್ತದೆ. ಅದು ಹರಡಿದ್ದಕ್ಕೆ ಬೇಸಾಯದ ನಂಟಿದೆ ಎಂದು ಮಾನವಶಾಸ್ತ್ರಜ್ಞ ಫ್ರಾಂಕ್ ಲಿವಿಂಗ್‌ಸ್ಟನ್ 1958ರಲ್ಲೇ ವಾದಿಸಿದ್ದರು. ದಟ್ಟ ಕಾಡಿನ ನೆರಳಿನಲ್ಲಿ ಆಫ್ರಿಕಾದ ಮುಖ್ಯ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಗ್ಯಾಂಬಿಯೆಗೆ ನೆಲೆ ಇಲ್ಲ. ಕಾಡು ಕಡಿದು ಗೆಡ್ಡೆ ನೆಟ್ಟಾಗ ಬಿಸಿಲು ಬೀಳುವ ನೀರಿನ ಹೊಂಡಗಳಾದವು, ಜನ ಒಂದೆಡೆ ನೆಲೆನಿಂತರು, ಸೊಳ್ಳೆಗೆ ಎರಡೂ ಒದಗಿದವು.

ರಕ್ತಕಣದೊಳಗೆ ನಡೆಯುವುದೇನು

ಎಸ್ ಉಳಿದದ್ದೇಕೆ ಎಂಬುದು ಖಚಿತವಾದಷ್ಟು, ಅದು ಕಾಪಾಡುವುದು ಹೇಗೆ ಎಂಬುದು ಇನ್ನೂ ಖಚಿತವಾಗಿಲ್ಲ. ಇಲ್ಲಿ ಒಂದೇ ಉತ್ತರವಿಲ್ಲ, ಒಂದರ ಮೇಲೊಂದು ಸೇರುವ ಕೆಲವು ಉತ್ತರಗಳಿವೆ.

ಕೊಲ್ಲುವ ಮಲೇರಿಯಾದ ಪರಾವಲಂಬಿ ಪ್ಲಾಸ್ಮೋಡಿಯಂ ಫಾಲ್ಸಿಪೇರಂ. ರಕ್ತಕಣದೊಳಗೆ ಹೊಕ್ಕ ಇದು 48 ಗಂಟೆಗಳಲ್ಲಿ ಬೆಳೆದು, ಹಲವಾಗಿ ಒಡೆದು, ಕಣವನ್ನು ಸೀಳಿಕೊಂಡು ಹೊರಬರುತ್ತದೆ. ಈ ಅವಧಿಯ ಮೊದಲರ್ಧ ಕಣ ರಕ್ತದಲ್ಲಿ ತೇಲಿಕೊಂಡಿರುತ್ತದೆ. ದ್ವಿತೀಯಾರ್ಧದಲ್ಲಿ ಪರಾವಲಂಬಿ ಕಣದ ಮೇಲ್ಮೈಯಲ್ಲಿ ಸಣ್ಣ ಗುಬುಟುಗಳನ್ನು ಎಬ್ಬಿಸಿ, ಅವುಗಳ ಮೇಲೆ ಅಂಟುವ ಪ್ರೋಟೀನನ್ನು ಇರಿಸಿ, ಒಳಾಂಗಗಳ ಸೂಕ್ಷ್ಮ ರಕ್ತನಾಳಗಳ ಗೋಡೆಗೆ ಕಣವನ್ನು ಅಂಟಿಸಿಬಿಡುತ್ತದೆ. ಹಾಗೆ ಅಂಟಿಕೊಂಡರೆ ಗುಲ್ಮದ ಜರಡಿಗೆ ಸಿಗದೆ ತಪ್ಪಿಸಿಕೊಳ್ಳಬಹುದು. ಮಿದುಳಿನ ನಾಳಗಳಲ್ಲಿ ಹೀಗೆ ಅಂಟಿಕೊಂಡಾಗಲೇ ಮಗು ಪ್ರಜ್ಞೆ ತಪ್ಪುವುದು.

ಆದರೆ ಆ ಅಡಗುತಾಣದಲ್ಲಿ ಆಮ್ಲಜನಕ ಕಡಿಮೆ. ವಾಹಕರ ರಕ್ತಕಣ ತೇಲುತ್ತಿರುವಾಗ ಎಸ್ ಎಳೆಗಳು ಹುಟ್ಟುವುದಿಲ್ಲ. ಅಲ್ಲಿ ಹೋಗಿ ಗಂಟೆಗಟ್ಟಲೆ ನಿಂತಾಗ ಹುಟ್ಟುತ್ತವೆ. ಆಮ್ಲಜನಕ ಕಡಿಮೆ ಮಾಡಿದ ಪ್ರಯೋಗಾಲಯದ ಪಾತ್ರೆಯಲ್ಲಿ ವಾಹಕರ ಕಣಗಳೊಳಗಿನ ಪರಾವಲಂಬಿ ಬೆಳವಣಿಗೆಯ ನಡುವೆಯೇ ನಿಂತುಬಿಡುವುದನ್ನು 2018ರ ಒಂದು ಅಧ್ಯಯನ ತೋರಿಸಿತು. ಆಮ್ಲಜನಕ ಸಾಕಷ್ಟಿದ್ದಾಗ ಅದೇ ಕಣಗಳಲ್ಲಿ ಪರಾವಲಂಬಿ ಚೆನ್ನಾಗಿಯೇ ಬೆಳೆಯುತ್ತದೆ. ಪರಾವಲಂಬಿಗೆ ಆಶ್ರಯವಾಗಿದ್ದ ಜಾಗವೇ ವಾಹಕರ ಮೈಯಲ್ಲಿ ಅದಕ್ಕೆ ತೊಡಕಾಗುತ್ತದೆ.

ಎರಡನೆಯದು ಅಂಟಿನ ವಿಚಾರ. ವಾಹಕರ ಕಣಗಳ ಮೇಲೆ ಗುಬುಟುಗಳು ಸರಿಯಾಗಿ ಮೂಡುವುದಿಲ್ಲ, ಅಂಟುವ ಪ್ರೋಟೀನ್ ಮೇಲ್ಮೈಗೆ ತಲುಪುವುದೂ ಕಡಿಮೆ. ಆ ಪ್ರೋಟೀನನ್ನು ಸಾಗಿಸಲು ಪರಾವಲಂಬಿ ಕಣದ ಒಳಚೌಕಟ್ಟಿನ ಆಕ್ಟಿನ್ ಎಳೆಗಳನ್ನೇ ಬಳಸಿಕೊಳ್ಳುತ್ತದೆ. ಎಸ್ ಇರುವ ಕಣಗಳಲ್ಲಿ ಆ ಸಾಗಣೆ ಕೆಡುತ್ತದೆ. ಅಂಟು ಸಡಿಲವಾದ ಕಣಗಳನ್ನು ಗುಲ್ಮ ಸುಲಭವಾಗಿ ಹಿಡಿದು ತೆಗೆಯುತ್ತದೆ. ಸೋಂಕಿದ್ದರೂ ಸೋಂಕು ಬಿಗಡಾಯಿಸದಿರುವುದಕ್ಕೆ ಇದು ಚೆನ್ನಾಗಿ ಹೊಂದುವ ವಿವರಣೆ.

ಮೂರನೆಯದು ಕಿಲಿಫಿಯಲ್ಲೇ ಕಂಡದ್ದು. ವಾಹಕ ಮಕ್ಕಳಿಗೆ ಸಾಮಾನ್ಯ ಮಲೇರಿಯಾದಿಂದ ಸಿಗುವ ರಕ್ಷಣೆ ಮೊದಲೆರಡು ವರ್ಷಗಳಲ್ಲಿ ಶೇ. 20ರಷ್ಟಿದ್ದು, ಹತ್ತನೆಯ ವಯಸ್ಸಿನ ಹೊತ್ತಿಗೆ ಶೇ. 56ಕ್ಕೆ ಏರಿತ್ತು. ಹಿಮೋಗ್ಲೋಬಿನ್ ಒಂದೇ ಕಾರಣವಾಗಿದ್ದರೆ ವಯಸ್ಸಿನೊಂದಿಗೆ ಅದು ಹೀಗೆ ಏರಬೇಕಾಗಿರಲಿಲ್ಲ. ಹಗುರ ಸೋಂಕುಗಳನ್ನು ಬದುಕುಳಿದು ದಾಟುವ ಮಗುವಿಗೆ ರೋಗನಿರೋಧಕ ಶಕ್ತಿ ಬೇಗ ಕೂಡಿಬರುತ್ತದೆಂದು ಇದರಿಂದ ಊಹಿಸಿದ್ದಾರೆ.

ರಕ್ಷಣೆಗೂ ಮಿತಿಗಳಿವೆ

ಮೊದಲ ಮಿತಿ, ರಕ್ಷಣೆ ಇರುವುದು ವಾಹಕರಿಗೆ ಮಾತ್ರ. ಎಸ್‌ಎಸ್ ಮಗುವಿನಲ್ಲಿ ಎಸ್ ಹೆಚ್ಚಿರುವುದರಿಂದ ರಕ್ಷಣೆಯೂ ಹೆಚ್ಚಿರಬೇಕೆಂದು ತಿಳಿಯುವುದು ಅಪಾಯಕಾರಿ ತಪ್ಪು. ಆ ಮಗುವಿಗೆ ಮೊದಲೇ ರಕ್ತ ಕಡಿಮೆ, ಗುಲ್ಮ ಕೆಲಸ ಮಾಡುತ್ತಿಲ್ಲ. ಅದರ ಮೇಲೆ ಮಲೇರಿಯಾ ಬಂದರೆ ಬದುಕುವುದು ಕಷ್ಟ. ಮಲೇರಿಯಾ ಸೀಮೆಗಳಲ್ಲಿ ಎಸ್‌ಎಸ್ ಮಕ್ಕಳಿಗೆ ಮಲೇರಿಯಾ ತಡೆಯುವ ಔಷಧಿ ಕೊಡುವುದು ಇದರಿಂದಲೇ.

ಎರಡನೆಯದು, ಬೇರೆ ಜೀನುಗಳೊಡನೆ ಎಸ್ ನಡೆದುಕೊಳ್ಳುವ ರೀತಿ. ಆಲ್ಫಾ ಥಲಸ್ಸೀಮಿಯ ಎಂಬ ಇನ್ನೊಂದು ಜೀನ್ ಬದಲಾವಣೆಯೂ ಮಲೇರಿಯಾದಿಂದ ಕಾಪಾಡುತ್ತದೆ. ಎರಡೂ ಇರುವ ಮಗುವಿಗೆ ದುಪ್ಪಟ್ಟು ರಕ್ಷಣೆ ಸಿಗಬೇಕಲ್ಲವೇ? ಕಿಲಿಫಿಯಲ್ಲಿ ಕಂಡದ್ದು ಇದಕ್ಕೆ ವಿರುದ್ಧ: ಎರಡೂ ಒಟ್ಟಿಗೆ ಬಂದಾಗ ರಕ್ಷಣೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಆಲ್ಫಾ ಥಲಸ್ಸೀಮಿಯ ಇದ್ದಾಗ ವಾಹಕರ ಕಣದಲ್ಲಿ ಎಸ್ ಪಾಲು ಇನ್ನೂ ಕಡಿಮೆಯಾಗುವುದು ಇದಕ್ಕೆ ಕಾರಣವಿರಬಹುದು. ಒಂದು ಜೀನಿನ ಲಾಭ ಸುತ್ತಲಿನ ಜೀನುಗಳ ಮೇಲೂ ನಿಂತಿದೆ.

ಮೂರನೆಯದು ಪರಾವಲಂಬಿಯ ಕಡೆಯದು. ಗ್ಯಾಂಬಿಯ ಮತ್ತು ಕೀನ್ಯಾದಲ್ಲಿ ತೀವ್ರ ಮಲೇರಿಯಾ ಬಂದ ಮಕ್ಕಳ ಜೀನುಗಳನ್ನೂ ಅವರ ಮೈಯಲ್ಲಿದ್ದ ಪರಾವಲಂಬಿಯ ಜೀನುಗಳನ್ನೂ ಒಟ್ಟಿಗೆ ಓದಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ವಾಹಕ ಮಕ್ಕಳಲ್ಲಿ ತೀವ್ರ ಮಲೇರಿಯಾ ಅಪರೂಪ. ಬಂದವರಲ್ಲಿ ಮಾತ್ರ ಪರಾವಲಂಬಿಯ ಕೆಲವು ನಿರ್ದಿಷ್ಟ ಜೀನ್ ರೂಪಗಳು ಹೆಚ್ಚಾಗಿ ಕಂಡವು. ಆ ರೂಪಗಳಿರುವ ಪರಾವಲಂಬಿಯ ಮುಂದೆ ಎಸ್ ರಕ್ಷಣೆ ಬಹಳ ಕಡಿಮೆ. ಮನುಷ್ಯರಲ್ಲಿ ಎಸ್ ಹೆಚ್ಚಿರುವ ಪ್ರದೇಶಗಳಲ್ಲೇ ಪರಾವಲಂಬಿಯಲ್ಲಿ ಆ ರೂಪಗಳೂ ಹೆಚ್ಚು. ಮಲೇರಿಯಾ ಎಸ್ ಅನ್ನು ಉಳಿಸಿದಂತೆ, ಎಸ್ ಕೂಡ ಮಲೇರಿಯಾದ ಪರಾವಲಂಬಿಯನ್ನು ಬದಲಾಯಿಸುತ್ತಿದೆ.

ಇಷ್ಟೆಲ್ಲ ಬೆಲೆ ತೆರಬೇಕಾದ ಎಸ್ ಇದ್ದದ್ದರಲ್ಲಿ ಉತ್ತಮ ಉಪಾಯವೂ ಅಲ್ಲ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋ ಸುತ್ತಮುತ್ತ ಸಿ ಎಂಬ ಇನ್ನೊಂದು ಹಿಮೋಗ್ಲೋಬಿನ್ ರೂಪವಿದೆ. ಬದಲಾಗಿರುವುದು ಅದೇ ಆರನೆಯ ಸ್ಥಾನ, ಅಲ್ಲಿ ಕುಳಿತಿರುವುದು ಮಾತ್ರ ಲೈಸಿನ್. ಸಿ ಎರಡು ಪ್ರತಿ ಇದ್ದವರಿಗೆ ಸೌಮ್ಯ ರಕ್ತಹೀನತೆಯಷ್ಟೇ. ಮಲೇರಿಯಾದಿಂದ ಅವರಿಗೆ ಶೇ. 93ರಷ್ಟು ರಕ್ಷಣೆ ಸಿಗುತ್ತದೆಂದು 2001ರ ಅಧ್ಯಯನ ಹೇಳಿತು. ಆದರೆ ಒಂದೇ ಪ್ರತಿ ಇದ್ದವರಿಗೆ ಸಿಗುವುದು ಶೇ. 29 ಮಾತ್ರ. ಹೊಸದಾಗಿ ಹುಟ್ಟಿದ ಜೀನ್ ಮೊದಲು ಒಂಟಿ ಪ್ರತಿಯಾಗಿಯೇ ಇರುವುದರಿಂದ, ಒಂಟಿಯಾಗಿದ್ದಾಗಲೇ ಹೆಚ್ಚು ಕಾಪಾಡುವ ಎಸ್ ಬೇಗ ಹರಡಿತು, ಸಿ ನಿಧಾನವಾಯಿತು. ನೈಸರ್ಗಿಕ ಆಯ್ಕೆಗೆ ಮುಂದಿನ ತಲೆಮಾರುಗಳ ಯೋಚನೆ ಇಲ್ಲ. ಈ ತಲೆಮಾರಿನಲ್ಲಿ ಯಾರು ಉಳಿದರೆಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ.

ನಮ್ಮ ಕಾಡಿನಂಚಿನಲ್ಲಿ

ಎಸ್ ಆಫ್ರಿಕಾದ್ದು ಮಾತ್ರ ಎಂಬ ನಂಬಿಕೆ 1952ರಲ್ಲಿ ಮುರಿಯಿತು. ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ನೀಲಗಿರಿಯ ಬುಡಕಟ್ಟು ಜನರಲ್ಲಿ ಅದನ್ನು ಕಂಡರು. ಈಗ ನಮಗೆ ತಿಳಿದಿರುವಂತೆ ಮಧ್ಯ ಭಾರತದ ಬುಡಕಟ್ಟುಗಳಿಂದ ಹಿಡಿದು ದಕ್ಷಿಣದ ಕಾಡುಗಳವರೆಗೆ ಅದು ಹಬ್ಬಿದೆ. ಮಲೇರಿಯಾ ತಲೆತಲಾಂತರದಿಂದ ಕಾಡಿದ ಕಾಡು, ಬೆಟ್ಟದ ತಪ್ಪಲುಗಳೇ ಇವು. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಾಹ್‌ಡೋಲ್‌ನಲ್ಲಿ ಆರಂಭಿಸಿದ ರಾಷ್ಟ್ರೀಯ ಕುಡುಗೋಲು ಕಣ ರೋಗ ನಿರ್ಮೂಲನಾ ಅಭಿಯಾನ 40 ವರ್ಷದೊಳಗಿನ ಏಳು ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದೆ. ಅದು ನಡೆಯುವ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ತಪಾಸಣೆಯಲ್ಲಿ ಒಂದು ವಿಷಯ ಗಮನದಲ್ಲಿರಬೇಕು. ಹಾಡಿಗಳಲ್ಲಿ ಮೊದಲು ಮಾಡುವ ಕರಗುವಿಕೆಯ ಪರೀಕ್ಷೆಯಲ್ಲಿ ರಕ್ತದ ಹನಿಯನ್ನು ಸಣ್ಣ ಕೊಳವೆಯ ದ್ರಾವಣಕ್ಕೆ ಬೆರೆಸುತ್ತಾರೆ. ಎಸ್ ಇದ್ದರೆ ದ್ರಾವಣ ಕದಡಿ, ಹಿಂದೆ ಹಿಡಿದ ಕಾಗದದ ಗೆರೆಗಳು ಕಾಣದಾಗುತ್ತವೆ. ಎಸ್ ಇದೆ ಎಂದಷ್ಟೇ ಇದು ಹೇಳುತ್ತದೆ. ವಾಹಕರೋ ರೋಗಿಯೋ ಎಂಬುದನ್ನು ಹೇಳುವುದಿಲ್ಲ. ನವಜಾತ ಶಿಶುವಿನಲ್ಲಿ ಭ್ರೂಣದ ಹಿಮೋಗ್ಲೋಬಿನ್ನೇ ಹೆಚ್ಚಿರುವುದರಿಂದ ಅಲ್ಲಿ ಇದು ಕೆಲಸಕ್ಕೆ ಬಾರದು. ಖಚಿತಪಡಿಸಲು ಹಿಮೋಗ್ಲೋಬಿನ್‌ಗಳನ್ನು ಬೇರ್ಪಡಿಸಿ ನೋಡುವ ಎರಡನೆಯ ಪರೀಕ್ಷೆ ಬೇಕೇ ಬೇಕು. ಅದಕ್ಕೆ ಮೊದಲೇ ಯಾರನ್ನಾದರೂ ರೋಗಿ ಎಂದು ಕರೆದರೆ ಆರೋಗ್ಯವಂತ ವಾಹಕರಿಗೆ, ಅದರಲ್ಲೂ ಮದುವೆ ವಯಸ್ಸಿನ ಹೆಣ್ಣುಮಕ್ಕಳಿಗೆ, ಸಲ್ಲದ ಹಣೆಪಟ್ಟಿ ಅಂಟುತ್ತದೆ.

ನಮ್ಮ ಸಮಾಜದ ಮದುವೆ ಪದ್ಧತಿ ಸಾವಿರ ಮಕ್ಕಳ ಲೆಕ್ಕವನ್ನು ಬದಲಿಸುತ್ತದೆ. ಅಲ್ಲಿ ಯಾರು ಯಾರನ್ನಾದರೂ ಮದುವೆಯಾಗುತ್ತಾರೆ ಎಂದು ಇಟ್ಟುಕೊಂಡಿದ್ದೆವು. ಸೋದರಮಾವನ ಮಗಳು, ಸೋದರತ್ತೆಯ ಮಗ ಎಂದು ಹತ್ತಿರದ ನೆಂಟರಲ್ಲಿ ಮದುವೆಯಾದರೆ, ಒಬ್ಬರೇ ಅಜ್ಜ ಅಥವಾ ಅಜ್ಜಿಯ ಎಸ್ ಪ್ರತಿ ಎರಡೂ ಕಡೆಯಿಂದ ಮಗುವಿಗೆ ಬರುವ ಸಂಭವ ಹೆಚ್ಚು. ಹತ್ತರಲ್ಲೊಂದು ಎಸ್ ಇರುವ ಜನರಲ್ಲಿ ಅಂಥ ದಂಪತಿಗೆ ಎಸ್‌ಎಸ್ ಮಗು ಹುಟ್ಟುವ ಸಂಭವ ನೂರಕ್ಕೆ 1ರ ಬದಲು ಸುಮಾರು 1.6. ಅಕ್ಕನ ಮಗಳನ್ನು ಮದುವೆಯಾದರೆ ಸುಮಾರು 2.1. ಸಮುದಾಯದೊಳಗೇ ಮದುವೆಯಾಗುವ ಸಣ್ಣ ಗುಂಪುಗಳಲ್ಲಿ ಅಕ್ಕಪಕ್ಕದ ಎರಡು ಸಮುದಾಯಗಳ ಎಸ್ ಪ್ರಮಾಣ ತೀರ ಬೇರೆಯಾಗಿರುವುದೂ ಉಂಟು. ಅಲ್ಲಿ ಜಿಲ್ಲೆಯ ಸರಾಸರಿ ಏನನ್ನೂ ಹೇಳುವುದಿಲ್ಲ.

ಮಲೇರಿಯಾ ಹೋದ ಮೇಲೆ

ಸಮತೋಲದ ಒಂದು ಕೈ ಮಲೇರಿಯಾ. ಅದನ್ನು ತೆಗೆದರೆ ಎಸ್ ಇಳಿಯಲೇಬೇಕು. ಗುಲಾಮರಾಗಿ ಅಮೆರಿಕಕ್ಕೆ ಒಯ್ಯಲ್ಪಟ್ಟ ಆಫ್ರಿಕನ್ನರ ಸಂತತಿಯಲ್ಲಿ ಈಗ ವಾಹಕರು 13ರಲ್ಲೊಬ್ಬರು. ಅವರ ಪೂರ್ವಜರ ಪಶ್ಚಿಮ ಆಫ್ರಿಕಾದಲ್ಲಿ ಪ್ರಮಾಣ ಇದಕ್ಕಿಂತ ಹೆಚ್ಚು. ಈ ಇಳಿತದಲ್ಲಿ ಬೇರೆ ಜನರೊಡನೆ ಬೆರೆತದ್ದರ ಪಾಲೂ ಇದೆ.

ಆದರೆ ಇಳಿಯುವ ವೇಗ ನಮ್ಮ ಬಯಕೆಗೆ ತಕ್ಕಂತಿಲ್ಲ. ಮಲೇರಿಯಾ ಪೂರ್ತಿ ಹೋಗಿ, ಎಸ್‌ಎಸ್ ಮಕ್ಕಳಿಗೆ ಚಿಕಿತ್ಸೆ ಮಾತ್ರ ಸಿಗದೆ ಇರುವ ಕ್ರೂರ ಸನ್ನಿವೇಶವನ್ನೇ ಊಹಿಸಿದರೂ, ಎಸ್ ಹತ್ತರಲ್ಲೊಂದರಿಂದ ಇಪ್ಪತ್ತರಲ್ಲೊಂದಕ್ಕೆ ಇಳಿಯಲು 10 ತಲೆಮಾರು ಬೇಕು, ಅಂದರೆ 250 ವರ್ಷ. ನಲವತ್ತರಲ್ಲೊಂದಕ್ಕೆ ಇಳಿಯಲು ಅದರ ಮೇಲೆ ಇನ್ನೂ 20 ತಲೆಮಾರು. ಎಸ್ ಕಡಿಮೆಯಾದಷ್ಟೂ ಅದು ಆರೋಗ್ಯವಂತ ವಾಹಕರಲ್ಲೇ ಉಳಿಯುತ್ತದೆ, ಆಯ್ಕೆಗೆ ಸಿಗುವುದೇ ಇಲ್ಲ. ಹೈಡ್ರಾಕ್ಸಿಯೂರಿಯ, ಪೆನಿಸಿಲಿನ್, ಲಸಿಕೆಗಳಿಂದ ಎಸ್‌ಎಸ್ ಮಕ್ಕಳು ಬದುಕಿ ಬೆಳೆದು ತಂದೆತಾಯಿಯಾದರೆ ಇಳಿತ ಇನ್ನೂ ನಿಧಾನ. ಹಾಗಾಗಬೇಕೆಂದೇ ನಾವು ಬಯಸುವುದು.

ಆದ್ದರಿಂದ ನಿರ್ಮೂಲನೆ ಎಂಬ ಮಾತನ್ನು ಜೀನಿಗೆ ಅನ್ವಯಿಸಬಾರದು. ಆಫ್ರಿಕಾದಲ್ಲಾಗಲಿ ನಮ್ಮ ಬೆಟ್ಟದ ತಪ್ಪಲಲ್ಲಾಗಲಿ ಮಲೇರಿಯಾ ಪ್ರಕರಣಗಳು ಇಳಿದಾಗ ಕುಡುಗೋಲು ಕಣದ ಮಕ್ಕಳು ಹುಟ್ಟುವುದು ನಿಲ್ಲುವುದಿಲ್ಲ. ಮೊದಲು ಮಲೇರಿಯಾಕ್ಕೇ ಬಲಿಯಾಗುತ್ತಿದ್ದ ಎಸ್‌ಎಸ್ ಮಕ್ಕಳು ಉಳಿದು ಆಸ್ಪತ್ರೆಗೆ ಬರುವುದರಿಂದ ರೋಗ ಹೆಚ್ಚಿದಂತೆ ತೋರಲೂಬಹುದು. ಸೊಳ್ಳೆ ನಿಯಂತ್ರಣ ಗೆದ್ದ ಜಿಲ್ಲೆಯಲ್ಲೇ ನವಜಾತ ಶಿಶುಗಳ ತಪಾಸಣೆ ಗಟ್ಟಿಯಾಗಬೇಕು, ಔಷಧಿ ಹಾಡಿಯ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಸಿಗಬೇಕು, ವಾಹಕರಿಗೆ ಅವರು ರೋಗಿಗಳಲ್ಲವೆಂದು ಅವರ ಮಾತಿನಲ್ಲೇ ತಿಳಿಸಬೇಕು. ಸಾವಿರಾರು ವರ್ಷ ಮಕ್ಕಳ ಸಾವಿನಿಂದಲೇ ನಿಂತಿದ್ದ ಸಮತೋಲವನ್ನು ಮಲೇರಿಯಾ ನಿಯಂತ್ರಣ ಒಂದು ಕಡೆಯಿಂದ ಮುರಿಯುತ್ತಿದೆ. ಇನ್ನೊಂದು ಕಡೆಯ ಸಾವುಗಳನ್ನು ತಡೆಯುವ ಔಷಧಿ ಈಗ ಇದೆ. ಅದು ಹುಟ್ಟಿದ ಪ್ರತಿ ಎಸ್‌ಎಸ್ ಮಗುವಿಗೂ ತಲುಪಬೇಕು.